ದರಪಟ್ಟಿಯ ಫೋಟೊ: ಬಂದಂತೆ ಓದಿಸುವುದೋ, ವಾಕ್ಯವಾಗಿಸುವುದೋ?

ದಾವಣಗೆರೆಯ ದೃಷ್ಟಿಹೀನ ವರ್ತಕರೊಬ್ಬರಿಗೆ ಇಂಗ್ಲಿಷ್ ದರಪಟ್ಟಿಯ ಫೋಟೊವನ್ನು ಕನ್ನಡದಲ್ಲಿ ಕೇಳಿಸಬೇಕು ಎಂದುಕೊಳ್ಳಿ. ಅಕ್ಷರ ಗುರುತಿಸುವ ತಂತ್ರಾಂಶ ಕೊಟ್ಟ ಕ್ರಮದಲ್ಲೇ ಅನುವಾದಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ತಂತ್ರಾಂಶ ಪಟ್ಟಿಯನ್ನು ಒಂದೊಂದೇ ಅಂಕಣವಾಗಿ ಮೇಲಿನಿಂದ ಕೆಳಕ್ಕೆ ಓದಿದ್ದರೆ, "ಮೆಕ್ಕೆಜೋಳ, ರಾಗಿ, ಕನಿಷ್ಠ, 2100, 3000" ಎಂದು ಕೇಳಿಸುತ್ತದೆ. ಯಾವ ದರ ಯಾವ ಬೆಳೆಯದು? ಕಣ್ಣು ಹಿಂದಿರುಗಿ ನೋಡಬಲ್ಲದು; ಕಿವಿಗೆ ಅದು ಕಷ್ಟ.

ನಾನಾದರೆ ಪಟ್ಟಿಯನ್ನು ವಾಕ್ಯವಾಗಿಸುವುದನ್ನೇ ಆರಿಸುತ್ತೇನೆ. ಮೊದಲು ವಿನ್ಯಾಸ: "ಎರಡು ಬೆಳೆಗಳ ಪಟ್ಟಿ, ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ ದರಗಳಿವೆ." ಬಳಿಕ ಅಡ್ಡಸಾಲಿನಂತೆ: "ಮೆಕ್ಕೆಜೋಳ, ಕ್ವಿಂಟಲ್‌ಗೆ ಕನಿಷ್ಠ 2100 ರೂಪಾಯಿ, ಗರಿಷ್ಠ 2300 ರೂಪಾಯಿ." "Qtl", "Rs." ಮುಂತಾದವನ್ನು ಪೂರ್ಣಪದವಾಗಿಸಿ. ಮಸುಕಾದ ಅಂಕಿಯನ್ನು ಊಹಿಸದೆ "ಅಸ್ಪಷ್ಟ" ಎನ್ನಿ. ತಪ್ಪು ದರ ನಷ್ಟ ತರುತ್ತದೆ.

ಒಂದೇ ಅಂಕಣದ ಪತ್ರಕ್ಕೆ ಮೊದಲ ವಿಧಾನ ಸಾಕು.