ಎಂಜಿನಿಯರಿಂಗ್ ಡ್ರಾಯಿಂಗ್ ಹಳೇ ಪೇಪರ್: ಸೆಕ್ಷನ್ ಮೊದಲಾ, ಪ್ರೊಜೆಕ್ಷನ್ ಮೊದಲಾ, ಇಲ್ಲಾ ಎಲ್ಲದ್ರ ತೆಳುಗೆರೆ ಮೊದಲಾ?

ಹಳೇ ಪೇಪರ್‌ಗಳನ್ನ ಗಡಿಯಾರ ಎದುರಿಗಿಟ್ಕೊಂಡು ಮೂರು ರೀತೀಲಿ ಬಿಡಿಸಿ ನೋಡ್ದೆ. ನಾನು ಆರಿಸ್ಕೊಂಡಿದ್ದು ಐದು ಪ್ರಶ್ನೆ, ತಲಾ 20 ಮಾರ್ಕ್ಸ್ ಇರೋ ಪೇಪರ್‌ಗಳನ್ನ. 180 ನಿಮಿಷದಲ್ಲಿ ಶೀಟ್ ಹಚ್ಚೋದು, ಮಾರ್ಜಿನ್, ಟೈಟಲ್ ಬ್ಲಾಕ್ ಅಂತ 10, ಕೊನೇಲಿ ಚೆಕ್ ಮಾಡೋಕೆ 10 ತೆಗೆದಿಟ್ರೆ ಪ್ರಶ್ನೆಗೆ 32 ನಿಮಿಷ ಸಿಗುತ್ತೆ. ಲೈನ್ಸ್, ಪ್ಲೇನ್ಸ್ ಅಷ್ಟೇನೂ ತಿನ್ನಲ್ಲ, ಟೈಮ್ ನುಂಗೋದು ಎರಡೇ, ಎರಡೂ ಕಡೆ ವಾಲಿರೋ ಸಾಲಿಡ್ ಪ್ರೊಜೆಕ್ಷನ್ ಮತ್ತೆ ಸೆಕ್ಷನ್.

ಮೊದಲ್ನೇ ರೀತಿ, ಪ್ರೊಜೆಕ್ಷನ್ ಮೊದಲು. ಪೇಪರ್‌ನಲ್ಲಿ ಸಾಮಾನ್ಯವಾಗಿ ಅದೇ ಮುಂದೆ ಬರೋದ್ರಿಂದ ಎಲ್ರೂ ಮಾಡೋದು ಇದನ್ನೇ. ಮೂರು ಸ್ಟೇಜ್ ಇರುತ್ತೆ, ನೆಟ್ಟಗೆ ನಿಲ್ಸೋದು, ವಾಲಿಸೋದು, ತಿರುಗಿಸೋದು, ಮೊದಲ್ನೇ ಸ್ಟೇಜ್‌ನಲ್ಲಿ ಬೇಸ್ ತಪ್ಪು ದಿಕ್ಕಲ್ಲಿ ಇಟ್ಬಿಟ್ರೆ ಅದು ಗೊತ್ತಾಗೋದು ಮೂರನೇದ್ರಲ್ಲಿ, ಅಲ್ಲಿಗೆ 25 ನಿಮಿಷ ಹೋಗಿರುತ್ತೆ. ಯಾವ ಅಂಚು ಕಾಣುತ್ತೆ, ಯಾವುದು ಡ್ಯಾಶ್ ಅನ್ನೋ ತಲೆಬಿಸಿ ಬೇರೆ. (ಫಸ್ಟ್ ಆಂಗಲ್‌ನಲ್ಲಿ ಟಾಪ್ ವ್ಯೂನಲ್ಲಿ ಎಕ್ಸ್‌ವೈ ಗೆರೆಯಿಂದ ದೂರ ಇರೋದೇ ನೋಡೋರಿಗೆ ಹತ್ರ, ಅದರ ಅಂಚು ಫ್ರಂಟ್ ವ್ಯೂನಲ್ಲಿ ಕಾಣುತ್ತೆ, ಇಷ್ಟು ನೆನಪಿದ್ರೆ ಅರ್ಧ ತಲೆಬಿಸಿ ಕಮ್ಮಿ.) ಈ ರೀತೀಲಿ ಪ್ರೊಜೆಕ್ಷನ್ 40 ನಿಮಿಷ ದಾಟ್ತಿತ್ತು, ಅದ್ರ ಪೆಟ್ಟು ಬೀಳ್ತಿದ್ದಿದ್ದು ಸೆಕ್ಷನ್‌ನ ಟ್ರೂ ಶೇಪ್ ಮೇಲೆ.

ಎರಡನೇ ರೀತಿ, ಸೆಕ್ಷನ್ ಮೊದಲು. ಇದ್ರಲ್ಲಿ ಸಾಲಿಡ್ ಬಹುಪಾಲು ನೆಟ್ಟಗೇ ನಿಂತಿರುತ್ತೆ, ಹಾಗಾಗಿ ಎಷ್ಟು ಹೊತ್ತು ಬೇಕು ಅಂತ ಮೊದಲೇ ಅಂದಾಜು ಸಿಗುತ್ತೆ. ಹಳೇ ಪೇಪರ್ ಮಾದರೀದೇ ಒಂದು ನೋಡಿ: ಷಡ್ಭುಜ ಪಿರಮಿಡ್, ಬೇಸಿನ ಬದಿ 30 ಮಿಮೀ, ಆಕ್ಸಿಸ್ 65, ಎಚ್‌ಪಿ ಮೇಲೆ ಬೇಸ್ ಊರಿ ನಿಂತಿದೆ, ಬೇಸಿನ ಎರಡು ಬದಿ ವಿಪಿಗೆ ಲಂಬ. ಕಟಿಂಗ್ ಪ್ಲೇನ್ ವಿಪಿಗೆ ಲಂಬ, ಎಚ್‌ಪಿಗೆ 45 ಡಿಗ್ರಿ, ಆಕ್ಸಿಸ್‌ನ ಸರಿ ಅರ್ಧಕ್ಕೆ ಕತ್ತರಿಸುತ್ತೆ. ಟಾಪ್ ವ್ಯೂ, ಫ್ರಂಟ್ ವ್ಯೂ ಎರಡಕ್ಕೂ 12 ನಿಮಿಷ ಸಾಕು. ಕಟ್ ಆದ ಆರು ಪಾಯಿಂಟ್‌ನಲ್ಲಿ ನಾಲ್ಕು ಹೊರಗಿನ ಅಂಚಿನ ಮೇಲಿವೆ, ಸುಮ್ನೆ ಕೆಳಗಿಳಿಸಿದ್ರೆ ಆಯ್ತು. ಸಿಕ್ಕಾಕೊಳ್ಳೋದು ಇನ್ನೆರಡು ಅಂಚಲ್ಲಿ, ಅವು ಫ್ರಂಟ್ ವ್ಯೂನಲ್ಲಿ ಆಕ್ಸಿಸ್ ಮೇಲೇ ಬೀಳ್ತವೆ, ಟಾಪ್ ವ್ಯೂನಲ್ಲೂ ಎಕ್ಸ್‌ವೈಗೆ ಲಂಬ, ಪ್ರೊಜೆಕ್ಟರ್ ಎಳೆದ್ರೆ ಗೆರೆ ಗೆರೆ ಮೇಲೇ ಕೂರುತ್ತೆ, ಪಾಯಿಂಟ್ ಸಿಗಲ್ಲ. ಫ್ರಂಟ್ ವ್ಯೂನಲ್ಲಿರೋ ಕಟ್ ಪಾಯಿಂಟ್‌ನಿಂದ ಹೊರಗಿನ ಅಂಚಿಗೆ ಅಡ್ಡ ಗೆರೆ ಎಳೆದು, ಅಲ್ಲಿಂದ ಕೆಳಗಿಳಿಸಿ, ಬೇಸಿನ ಬದಿಗೆ ಪ್ಯಾರಲಲ್ ಹಿಡಿದು ಬೇಕಾದ ಅಂಚಿಗೆ ತರ್ಬೇಕು. ಇಲ್ಲಿ ಪ್ಲೇನ್ ಅರ್ಧ ಎತ್ತರದಲ್ಲೇ ಹೋಗೋದ್ರಿಂದ ಇನ್ನೂ ಸುಲಭ, ಮೂಲೆ ಸೆಂಟರ್‌ನಿಂದ 30 ದೂರ ಅಂದ್ಮೇಲೆ ಕಟ್ ಪಾಯಿಂಟ್ 15ರಲ್ಲಿ, ಡಿವೈಡರ್‌ನಲ್ಲಿ ಗುರುತು ಹಾಕಿದ್ರೆ ಮುಗೀತು. ಟ್ರೂ ಶೇಪ್‌ಗೆ ಕಟಿಂಗ್ ಗೆರೆಗೆ ಪ್ಯಾರಲಲ್ ಆಗಿ ಒಂದು ಸೆಂಟರ್ ಲೈನ್ ಹಾಕಿ, ಟಾಪ್ ವ್ಯೂನಿಂದ ಅರ್ಧ ಅಗಲಗಳನ್ನ ಎತ್ಕೊಂಡು ಎರಡೂ ಕಡೆ ಇಡೋದು: ಸುಮಾರು 12.5, 15, 5.4. ಉದ್ದ ಹತ್ತತ್ರ 44 ಬರ್ಬೇಕು, 31 ಬಂತು ಅಂದ್ರೆ ಉದ್ದಾನೂ ಟಾಪ್ ವ್ಯೂನಿಂದ್ಲೇ ಎತ್ತಿದೀರ ಅಂತ ಅರ್ಥ. ಹೀಗೆ ಸೆಕ್ಷನ್ 30 ನಿಮಿಷದೊಳಗೇ ನಿಲ್ತು, ಉಳಿದಿದ್ದು ಪ್ರೊಜೆಕ್ಷನ್‌ಗೆ ಸೇರ್ತು.

ಮೂರನೇದು, ಐದೂ ಪ್ರಶ್ನೆಗೆ ತೆಳುಗೆರೆ ಹಾಕಿ ಮುಗಿಸಿ ಕೊನೇಲಿ ಒಟ್ಟಿಗೆ ಡಾರ್ಕ್ ಮಾಡೋದು. ಕೇಳೋಕೆ ಜಾಣತನ, ಪೆನ್ಸಿಲ್ ಪದೇಪದೇ ಬದಲಾಯಿಸೋ ಗೋಳಿಲ್ಲ. ಆದ್ರೆ ಎರಡು ಗಂಟೆ ಆದ್ಮೇಲೆ ಮೊದಲ್ನೇ ಪ್ರಶ್ನೆಗೆ ವಾಪಸ್ ಬಂದ್ರೆ ಯಾವುದು ಹಿಡನ್ ಗೆರೆ, ಸೆಕ್ಷನ್‌ನಲ್ಲಿ ಯಾವ ಭಾಗ ಕತ್ತರಿಸಿ ಹೋಗಿದ್ದು ಅಂತ ಮತ್ತೆ ಯೋಚ್ನೆ ಮಾಡ್ಬೇಕು, ಉಳಿಸಿದ ಟೈಮೆಲ್ಲಾ ಅಲ್ಲೇ ಖರ್ಚು. ಟೈಮ್ ಸಾಲ್ದೆ ಹೋದ್ರೆ ಐದೂ ಅರೆಬರೆ. ನನಗೆ ಇದು ಸುತಾರಾಂ ಬೇಡ ಅನ್ಸ್ತು.

ಆದ್ರೆ ಅದ್ರಿಂದ ಒಂದನ್ನ ಎತ್ಕೊಂಡೆ, ಹ್ಯಾಚಿಂಗ್ ಮಾತ್ರ ಕೊನೆಗೆ. ಸೆಕ್ಷನ್ ಮೊದಲು ಮಾಡಿ, ಔಟ್‌ಲೈನ್ ಡಾರ್ಕ್, ಡೈಮೆನ್ಷನ್, ಹೆಸರು ಎಲ್ಲಾ ಆಗಲೇ ಮುಗಿಸಿ, 45 ಡಿಗ್ರಿ ಗೆರೆಗಳನ್ನ ಕೊನೇ 10 ನಿಮಿಷಕ್ಕೆ ಬಿಡ್ತೀನಿ. ಮೊದಲೇ ಹಾಕಿದ್ರೆ ಮಿನಿ ಡ್ರಾಫ್ಟರ್ ಅದ್ರ ಮೇಲೆ ಓಡಾಡಿ ಶೀಟೆಲ್ಲಾ ಮಸಿ. 2-3 ಮಿಮೀ ಬಿಟ್ಟು ಎಳೆದ್ರೆ ಈ ಸೈಜಿಗೆ ನಾಲ್ಕೈದು ನಿಮಿಷದ ಕೆಲ್ಸ, ಟ್ರೂ ಶೇಪ್‌ಗೂ ಹ್ಯಾಚ್ ಬೇಕು ಅನ್ನೋದನ್ನ ಮಾತ್ರ ಮರೀಬೇಡಿ.