ತೊಂಬತ್ತು ದಿನದ ಬಿಲ್ಲು, ಮೂರು ದಾರಿ: ನಾನು ಮಾಡಿ ನೋಡಿದ ಲೆಕ್ಕ

ನಾವು ಮಾಡೋದು ಯಂತ್ರದ ಸಣ್ಣ ಬಿಡಿಭಾಗ. ಮುಕ್ಕಾಲು ಪಾಲು ಮಾಲು ಹೋಗೋದು ಒಂದೇ ದೊಡ್ಡ ಕಂಪನಿಗೆ, ಅವರು ದುಡ್ಡು ಕೊಡೋದು 90 ದಿನಕ್ಕೆ. ಅಷ್ಟರಲ್ಲಿ ಕಚ್ಚಾ ಮಾಲಿನವನಿಗೆ ಒಂದು ಸಲ, ಸಂಬಳಕ್ಕೆ ಮೂರು ಸಲ ದುಡ್ಡು ಹೊಂದಿಸಬೇಕು. ಹಾಗಾಗಿ ಕಳೆದೆರಡು ವರ್ಷದಲ್ಲಿ ಬಿಲ್ಲಿನ ಮೇಲೆ ಮುಂಗಡವಾಗಿ ಹಣ ಎತ್ತುವ ಮೂರು ದಾರಿಯನ್ನೂ ನೋಡಿಬಿಟ್ಟೆ. ಲೆಕ್ಕ ಸುಲಭವಾಗಲಿ ಅಂತ ಎಲ್ಲವನ್ನೂ ಹತ್ತು ಲಕ್ಷದ ಬಿಲ್ಲಿಗೆ ಇಳಿಸಿ ಹೇಳುತ್ತೇನೆ.

ಮೊದಲು ಹೋಗಿದ್ದು ಬ್ಯಾಂಕಿಗೆ. ಬಿಲ್ಲಿನ 80% ಕೊಟ್ಟರು, ಅಂದರೆ ಎಂಟು ಲಕ್ಷ. ಬಡ್ಡಿ ವರ್ಷಕ್ಕೆ 12%. 90 ದಿನಕ್ಕೆ ಬಡ್ಡಿ 23,671, ಅದರ ಮೇಲೆ ಇಡೀ ಬಿಲ್ಲಿನ ಅರ್ಧ ಪರ್ಸೆಂಟ್ ಶುಲ್ಕ, 5,000. ಇಲ್ಲೇ ನಾನು ಎಡವಿದ್ದು. ಶುಲ್ಕ ಹತ್ತು ಲಕ್ಷದ ಮೇಲೆ, ಕೈಗೆ ಬಂದಿದ್ದು ಎಂಟೇ ಲಕ್ಷ. ಎರಡನ್ನೂ ಸೇರಿಸಿ ವರ್ಷದ ದರಕ್ಕೆ ತಿರುಗಿಸಿದರೆ 12 ಅಲ್ಲ, ಹತ್ತಿರಹತ್ತಿರ ಹದಿನಾಲ್ಕೂವರೆ. ಅದೂ ಗಿರಾಕಿ ಸರಿಯಾದ ದಿನಕ್ಕೆ ಕೊಟ್ಟರೆ! ಒಂದು ಬಿಲ್ಲಿಗೆ 120ನೇ ದಿನ ಕೊಟ್ಟರು. ಆ ಹೆಚ್ಚಿನ 30 ದಿನಕ್ಕೆ ಬ್ಯಾಂಕು 2% ದಂಡ ಸೇರಿಸಿ 14% ಹಾಕಿತು, ಇನ್ನೂ 9,205 ಹೋಯಿತು. ಗಿರಾಕಿ ಕೊಡದೇ ಇದ್ದಿದ್ದರೆ ಎಂಟು ಲಕ್ಷವನ್ನೂ ನನ್ನ ಖಾತೆಯಿಂದಲೇ ಎಳೆದುಕೊಳ್ಳುವ ಷರತ್ತಿತ್ತು. ‘ವಿತ್ ರಿಕೋರ್ಸ್’ ಅಂದರೆ ಇದೇ: ಬಿಲ್ಲು ಮಾರಿದ ಹಾಗೆ ಕಾಣುತ್ತೆ, ನಿಜದಲ್ಲಿ ಬಿಲ್ಲು ಅಡವಿಟ್ಟು ತಂದ ಸಾಲ.

ಎರಡನೆಯದು ಆನ್‌ಲೈನ್ ವೇದಿಕೆ. ಬಿಲ್ಲನ್ನು ಅಲ್ಲಿ ಹಾಕಬೇಕು, ಗಿರಾಕಿ ‘ಹೌದು, ಇದು ನಾವು ಕೊಡಬೇಕಾದ ಹಣ’ ಅಂತ ಒಪ್ಪಬೇಕು, ಆಮೇಲೆ ಹಣ ಹಾಕುವವರು ಪೈಪೋಟಿಯಲ್ಲಿ ದರ ಕೂಗುತ್ತಾರೆ. ಅವರು ನೋಡೋದು ನನ್ನ ಯೋಗ್ಯತೆಯನ್ನಲ್ಲ, ಗಿರಾಕಿಯದ್ದನ್ನು. ಅದಕ್ಕೇ ನನಗೆ 9% ಸಿಕ್ಕಿತು, ಅದೂ ಪೂರ್ತಿ ಬಿಲ್ಲಿಗೆ. ಗಿರಾಕಿ ತಡ ಮಾಡಿದರೆ, ಮುಳುಗಿದರೂ ಸರಿ, ತಲೆನೋವು ಹಣ ಹಾಕಿದವರದು.

ಆದರೆ ಆ ‘ಒಪ್ಪಬೇಕು’ ಅನ್ನೋ ಹೆಜ್ಜೆ ಇದೆಯಲ್ಲ, ಅದೇ ಇಡೀ ಕಥೆ. ನನ್ನ ಮೊದಲ ಬಿಲ್ಲು ಗಿರಾಕಿಯ ಲೆಕ್ಕಪತ್ರ ವಿಭಾಗದಲ್ಲಿ 20 ದಿನ ಕೂತಿತ್ತು. ಫೋನ್ ಮಾಡಿದರೆ ‘ಜಿಆರ್‌ಎನ್ ಮ್ಯಾಚ್ ಆಗ್ತಿಲ್ಲ ಸರ್’ ಅಂದರು. ಜಿಆರ್‌ಎನ್ ಅಂದರೆ ಅವರ ಗೋದಾಮಿನಲ್ಲಿ ಮಾಲು ಎಣಿಸಿ ಹಾಕಿದ ರಸೀದಿ. ಅದು, ಅವರ ಖರೀದಿ ಆರ್ಡರ್ ಆದ ಪಿಒ, ನನ್ನ ಬಿಲ್ಲು, ಮೂರೂ ತಾಳೆಯಾಗಬೇಕು. ನಾವು 5,000 ಪೀಸ್ ಅಂತ ಬರೆದಿದ್ದೆವು, ಅವರು ಮಾಲನ್ನು ಎರಡು ದಿನ ಇಳಿಸಿಕೊಂಡು 3,200 ಮತ್ತು 1,800 ಅಂತ ಎರಡು ಜಿಆರ್‌ಎನ್ ಹಾಕಿದ್ದರು. ಅಷ್ಟೇ ಗಂಟು. ಕೊನೆಗೆ 70 ದಿನ ಉಳಿದಿದ್ದಾಗ ಹಣ ಬಂತು: ಕಡಿತ 17,260, ಶುಲ್ಕ 3,000. ವರ್ಷದ ಲೆಕ್ಕದಲ್ಲಿ ಸುಮಾರು 10.8%. ಅಗ್ಗವೇ, ಆದರೆ ಕಚ್ಚಾ ಮಾಲಿನವನ ಗಡುವು 15ನೇ ದಿನಕ್ಕೆ ಇತ್ತು. ಈಗ ಜಿಆರ್‌ಎನ್ ನಂಬರು ಕೈಗೆ ಸಿಗುವ ತನಕ ಬಿಲ್ಲನ್ನು ವೇದಿಕೆಗೆ ಹಾಕೋದಿಲ್ಲ. ಒಪ್ಪಿಗೆ ಒಂದು ವಾರಕ್ಕೆ ಇಳಿದಿದೆ. ಇನ್ನೊಂದು ಮಾತು: ವೇದಿಕೆಯಲ್ಲಿ ರಿಕೋರ್ಸ್ ಇಲ್ಲ ಅಂದಮಾತ್ರಕ್ಕೆ ಮಾಲಿನ ದೋಷವೂ ಹಣ ಹಾಕಿದವರ ಮೇಲೆ ಅಂತಲ್ಲ. ಪೀಸು ಕೆಟ್ಟಿದೆ ಅಂತ ಗಿರಾಕಿ ಹಣ ಕಡಿತದ ಡೆಬಿಟ್ ನೋಟ್ ಕಳಿಸಿದರೆ ಅದು ನಮ್ಮ ತಲೆಗೇ.

ಮೂರನೆಯದು ಗಿರಾಕಿಯನ್ನೇ ಕೇಳೋದು: ‘15ನೇ ದಿನ ಕೊಡಿ, 2% ಬಿಡ್ತೀನಿ.’ ಎರಡು ಪರ್ಸೆಂಟ್ ಅಂದರೆ ಜಾಸ್ತಿ ಅನಿಸುತ್ತೆ, ಆದರೆ ಹಣ 75 ದಿನ ಮುಂಚೆ ಬರುವುದರಿಂದ ವರ್ಷಕ್ಕೆ 10% ಕೂಡ ಆಗೋದಿಲ್ಲ. (ಇದೇ 2% ಅನ್ನು 30 ದಿನದ ಬಿಲ್ಲಿಗೆ ಬಿಟ್ಟು ಹತ್ತನೇ ದಿನ ಹಣ ಪಡೆದರೆ 37% ಆಗಿಬಿಡುತ್ತೆ, ಹುಷಾರು.) ಕಾಗದದ ಮೇಲೆ ಮೂರರಲ್ಲೂ ಇದೇ ಅಗ್ಗ. ಆಗಿದ್ದೇನು ಅಂದರೆ, ಎರಡು ತಿಂಗಳು ಸರಿಯಾಗಿ ಕೊಟ್ಟರು, ಮೂರನೇ ಬಿಲ್ಲಿಗೆ 2% ಹಿಡಿದುಕೊಂಡು 38ನೇ ದಿನ ಕೊಟ್ಟರು. 75 ದಿನ 52 ಆಯಿತು, ದರ 14% ದಾಟಿತು. ಪ್ರಶ್ನೆ ಮಾಡಿದರೆ ಮುಂದಿನ ಆರ್ಡರ್ ನೆನಪಾಗುತ್ತೆ. ಸಾಲದ್ದಕ್ಕೆ ಹೊಸ ದರಪಟ್ಟಿ ಮಾತಾಡುವಾಗ ಅವರ ಖರೀದಿ ಮ್ಯಾನೇಜರು ‘ಹೇಗೂ ಎರಡು ಪರ್ಸೆಂಟ್ ಬಿಡ್ತಿದ್ದೀರಲ್ಲ’ ಅಂತ ಅಲ್ಲಿಂದಲೇ ಚೌಕಾಶಿ ಶುರು ಮಾಡಿದರು. ಆ ದಾರಿ ಅಲ್ಲಿಗೆ ಮುಚ್ಚಿದೆ.

ಈಗ ದೊಡ್ಡ ಬಿಲ್ಲುಗಳೆಲ್ಲ ವೇದಿಕೆಗೆ ಹೋಗುತ್ತವೆ. ಬ್ಯಾಂಕಿನ ಸಾಲದ ಮಿತಿಯನ್ನು ಬಿಟ್ಟಿಲ್ಲ, ಯಾಕಂದರೆ ಅವರಿಗೆ ಮಾಲು ತಲುಪಿದ್ದಕ್ಕೆ ಗಿರಾಕಿಯ ಸೀಲು ಬಿದ್ದ ಚಲನ್ ಸಾಕು, ನಾಲ್ಕನೇ ದಿನವೇ ಹಣ ಬರುತ್ತೆ. ಗಿರಾಕಿಯ ಒಪ್ಪಿಗೆ ತಡವಾಗುವ ಸೂಚನೆ ಸಿಕ್ಕಾಗ ಮಾತ್ರ ಅಲ್ಲಿಗೆ ಹೋಗುತ್ತೇನೆ. ಒಂದೇ ಬಿಲ್ಲು ಎರಡೂ ಕಡೆ ಹೋಗದ ಹಾಗೆ ನೋಡಿಕೊಳ್ಳೋಕೆ ಆಫೀಸಿನಲ್ಲಿ ಕೆಂಪು ಪೆನ್ನಿನ ರಿಜಿಸ್ಟರ್ ಒಂದಿದೆ. ಅಪ್ಪಿತಪ್ಪಿ ಎರಡು ಸಲ ಹೋದರೆ ಅದಕ್ಕೆ ಮೋಸ ಅಂತಲೇ ಹೆಸರು.