ಪಿಇ ರ‍್ಯಾಂಕಾ, ಎಬಿಟ್ ರ‍್ಯಾಂಕಾ? ಪೂರ್ತಿ ಬದಲಾಯಿಸೋದಾ, ಸ್ವಲ್ಪ ಸಡಿಲ ಬಿಡೋದಾ? ಎರಡೂ ಮಾಡಿ ನೋಡಿದ್ದು

ಜೋಯೆಲ್ ಗ್ರೀನ್‌ಬ್ಲಾಟ್ 2005ರಲ್ಲಿ ಹೇಳಿದ ಮ್ಯಾಜಿಕ್ ಫಾರ್ಮುಲಾ ಗೊತ್ತಿರೋರಿಗೆ ವಿಷಯ ಹೊಸದಲ್ಲ. ಎಲ್ಲಾ ಕಂಪನಿಗಳಿಗೂ ಲಾಭದಾಯಕತೆಗೆ ಒಂದು ರ‍್ಯಾಂಕ್, ಅಗ್ಗಕ್ಕೆ ಒಂದು ರ‍್ಯಾಂಕ್, ಎರಡನ್ನೂ ಕೂಡಿಸಿ ಮೊತ್ತ ಕಮ್ಮಿ ಇರೋ 20-30 ಶೇರ್ ತಗೊಂಡು ವರ್ಷಕ್ಕೊಂದ್ಸಲ ಬದಲಾಯಿಸೋದು, ಅಷ್ಟೇ. ನಮ್ಮ ಮಾರ್ಕೆಟ್‌ನಲ್ಲಿ ಮಾಡೋಕೆ ಹೋದ್ರೆ ಎರಡು ಕಡೆ ದಾರಿ ಕವಲೊಡೆಯುತ್ತೆ: ಯಾವ ಅನುಪಾತ ಇಟ್ಕೊಳ್ಳೋದು, ಯಾವಾಗ ಮಾರೋದು. ಎರಡರಲ್ಲೂ ಎರಡೆರಡು ರೀತಿ ಪಕ್ಕಪಕ್ಕ ನಡೆಸಿದೀನಿ, ಅದರದ್ದೇ ಇದು.

ಮೊದಲು ಅನುಪಾತ. ಸುಲಭದ ದಾರಿ ಪಿಇ, ಅಂದ್ರೆ ಬೆಲೆ ಲಾಭದ ಎಷ್ಟು ಪಟ್ಟು ಅನ್ನೋದು, ಮತ್ತೆ ಆರ್‌ಒಇ, ಅಂದ್ರೆ ನೆಟ್‌ವರ್ತ್ ಮೇಲೆ ಬರೋ ಲಾಭ, ಎರಡೂ ಎಲ್ಲಾ ಕಡೆ ಸಿಗುತ್ತೆ. ಇನ್ನೊಂದು ಗ್ರೀನ್‌ಬ್ಲಾಟ್ ಹೇಳಿದ್ದಕ್ಕೆ ಹತ್ತಿರ ಇರೋದು, ಅಂದ್ರೆ ಬಡ್ಡಿ ಮತ್ತು ತೆರಿಗೆಗೆ ಮುಂಚಿನ ಲಾಭ (ಎಬಿಟ್) ತಗೊಂಡು ಅದನ್ನ ಇವಿಯಿಂದ ಭಾಗಿಸಿ ಬರೋ ಇಳುವರಿ, ಜೊತೆಗೆ ಆರ್‌ಒಸಿಇ, ಅಂದ್ರೆ ನೆಟ್‌ವರ್ತ್ ಮತ್ತೆ ಸಾಲ ಸೇರಿದ ಬಂಡವಾಳದ ಮೇಲೆ ಎಬಿಟ್ ಎಷ್ಟು ಅನ್ನೋದು. ಇವಿ ಅಂದ್ರೆ ಮಾರ್ಕೆಟ್ ಕ್ಯಾಪ್‌ಗೆ ಸಾಲ ಸೇರಿಸಿ ಕ್ಯಾಶ್ ಕಳೆದದ್ದು, ಸಾಲ ಸಮೇತ ಇಡೀ ಕಂಪನಿ ಕೊಳ್ಳೋಕೆ ಎಷ್ಟು ಬೇಕು ಅನ್ನೋದು.

ಎಷ್ಟು ವ್ಯತ್ಯಾಸ ಆಗುತ್ತೆ ಅಂತ ಒಂದು ಲೆಕ್ಕ ಹಾಕೋಣ, ಎರಡು ಕಂಪನಿ, ಎರಡರ ಮಾರ್ಕೆಟ್ ಕ್ಯಾಪ್ಪೂ 1000 ಕೋಟಿ. ಮೊದಲನೇದಕ್ಕೆ 800 ಕೋಟಿ ಸಾಲ, 50 ಕೋಟಿ ಕ್ಯಾಶ್, ನೆಟ್‌ವರ್ತ್ 400 ಕೋಟಿ, ಎಬಿಟ್ 200 ಕೋಟಿ. ಬಡ್ಡಿ 72, ತೆರಿಗೆ 32 ಹೋಗಿ ಉಳಿಯೋದು 96. ಪಿಇ ಹತ್ತೂವರೆ ಹತ್ರ, ಆರ್‌ಒಇ 24%. ಎರಡನೇದಕ್ಕೆ ಸಾಲಾನೇ ಇಲ್ಲ, ಕ್ಯಾಶ್ 200 ಕೋಟಿ, ನೆಟ್‌ವರ್ತ್ 500, ಎಬಿಟ್ 110, ತೆರಿಗೆ ಹೋಗಿ 82.5. ಪಿಇ 12, ಆರ್‌ಒಇ 16.5%. ಪಿಇ ಲಿಸ್ಟಲ್ಲಿ ಮೊದಲನೇದು ಎರಡೂ ಕಾಲಮ್‌ನಲ್ಲಿ ಗೆದ್ದುಬಿಡ್ತು. ಈಗ ಸಾಲ ಸೇರಿಸಿ ನೋಡಿ: ಮೊದಲನೇದರ ಇವಿ 1750, ಇಳುವರಿ 11.4%, ಆರ್‌ಒಸಿಇ 16.7%. ಎರಡನೇದರ ಇವಿ 800 ಮಾತ್ರ, ಇಳುವರಿ 13.75%, ಆರ್‌ಒಸಿಇ 22%. ಪೂರ್ತಿ ಉಲ್ಟಾ! ಸಾಲ ಜಾಸ್ತಿ ಇದ್ದಷ್ಟೂ ನೆಟ್‌ವರ್ತ್ ಚಿಕ್ಕದು, ಅದಕ್ಕೇ ಆರ್‌ಒಇ ಉಬ್ಬಿ ಕಾಣುತ್ತೆ, ಪಿಇ ಸಾಲಾನ ನೋಡೋದೇ ಇಲ್ಲ. ಹಂಗಾಗಿ ನನ್ನ ಪಿಇ ಲಿಸ್ಟ್ ಯಾವಾಗ್ಲೂ ಸಾಲಗಾರರ ಮೀಟಿಂಗ್ ಥರ ಇರ್ತಿತ್ತು.

ಪಿಇಯಲ್ಲಿ ಇನ್ನೊಂದು ಕಿರಿಕ್ಕು, ನಷ್ಟದ ಕಂಪನಿಗೆ ಪಿಇ ಮೈನಸ್ ಬಂದ್ರೆ ಕಮ್ಮಿಯಿಂದ ಜಾಸ್ತಿಗೆ ರ‍್ಯಾಂಕ್ ಮಾಡಿದಾಗ ಅದೇ ಎಲ್ಲರಿಗಿಂತ ಅಗ್ಗ ಅಂತ ಮೇಲೆ ಕೂತ್ಕೊಳ್ಳುತ್ತೆ. ಇಳುವರಿ ಆಗಿ ತಿರುಗಿಸಿದ್ರೆ ನಷ್ಟದ್ದು ತಾನಾಗೇ ಕೆಳಗೆ ಹೋಗುತ್ತೆ. ಆದ್ರೆ ಇವಿಗೂ ಒಂದು ಕೊಕ್ಕೆ ಇದೆ, ಮಾರ್ಕೆಟ್ ಕ್ಯಾಪ್‌ಗಿಂತ ಜಾಸ್ತಿ ಕ್ಯಾಶ್ ಇಟ್ಕೊಂಡಿರೋ ಕಂಪನಿಗೆ ಇವಿಯೇ ಮೈನಸ್ ಆಗಿ ಫಿಲ್ಟರ್‌ನಲ್ಲಿ ಹೊರಗೆ ಬೀಳುತ್ತೆ, ಅಂಥವನ್ನ ಕೈಯಾರೆ ನೋಡ್ಬೇಕು. ಸ್ಕ್ರೀನರ್‌ನಲ್ಲಿ ನಾನು ಹಾಕೋದು ಇಷ್ಟೇ:

```
Market Capitalization > 1000 AND
Earnings yield > 0 AND
Return on capital employed > 0
```

ಬ್ಯಾಂಕು, ಎನ್‌ಬಿಎಫ್‌ಸಿ, ಇನ್ಶೂರೆನ್ಸ್ ತೆಗೆದುಹಾಕಿ, ಅವರಿಗೆ ಸಾಲ ಅಂದ್ರೆ ಕಚ್ಚಾ ಮಾಲು, ಇವಿಗೆ ಅಲ್ಲಿ ಅರ್ಥ ಇಲ್ಲ. ಆಮೇಲೆ ಶೀಟ್‌ನಲ್ಲಿ (ಬಿ ಕಾಲಮ್ ಇಳುವರಿ, ಸಿ ಕಾಲಮ್ ಆರ್‌ಒಸಿಇ):

```
=RANK(B2,B:B,0)+RANK(C2,C:C,0)
```

ಇದನ್ನ ಏಪ್ರಿಲ್‌ನಲ್ಲಿ ಮಾಡ್ಬೇಡಿ. ಮಾರ್ಚ್‌ಗೆ ಮುಗಿದ ವರ್ಷದ ಆಡಿಟ್ ಆದ ರಿಸಲ್ಟ್ ಕೊಡೋಕೆ ಕಂಪನಿಗಳಿಗೆ 60 ದಿನ ಟೈಮ್ ಇದೆ, ಅಂದ್ರೆ ಮೇ ಕೊನೇವರೆಗೂ. ಅರ್ಧ ಕಂಪನಿಗೆ ಹೊಸ ನಂಬರ್, ಅರ್ಧಕ್ಕೆ ಹಳೇದು ಇಟ್ಕೊಂಡು ರ‍್ಯಾಂಕ್ ಮಾಡಿದ್ರೆ ಏನು ಪ್ರಯೋಜನ, ಜೂನ್ ಮೊದಲ ವಾರವೇ ಸರಿ.

ಎರಡೂ ರೀತಿಗೂ ಕೈಕೊಡೋದು ಸ್ಟೀಲ್ ಥರದ ಸೈಕ್ಲಿಕಲ್‌ಗಳು. 2022ರ ಜೂನ್ ನೆನಪಿಸ್ಕೊಳ್ಳಿ, ಹಿಂದಿನ ವರ್ಷದ ಲಾಭ ಭರ್ಜರಿ, ಶೇರ್ ಅಗ್ಗ, ಆರ್‌ಒಸಿಇ ಮೇಲೆ, ಫಾರ್ಮುಲಾಗೆ ಬಾಯಲ್ಲಿ ನೀರು. ಆದ್ರೆ ಮೇ ತಿಂಗಳಲ್ಲೇ ಸರ್ಕಾರ ಸ್ಟೀಲ್ ರಫ್ತಿನ ಮೇಲೆ 15% ಸುಂಕ ಹಾಕಿ ಆಗಿತ್ತು (ನವೆಂಬರ್‌ನಲ್ಲಿ ತೆಗೆದ್ರು ಬಿಡಿ), ಹಿಂದಿನ ವರ್ಷದ ಬ್ಯಾಲೆನ್ಸ್ ಶೀಟ್‌ಗೆ ಅದು ಹೆಂಗೆ ಗೊತ್ತಾಗ್ಬೇಕು. ಇದಕ್ಕೆ ನಾನು ಮಾಡೋದು, ಆರ್‌ಒಸಿಇ ಜಾಗದಲ್ಲಿ ಐದು ವರ್ಷದ ಸರಾಸರಿ ಹಾಕೋದು. ಪೂರ್ತಿ ವಾಸಿ ಆಗಲ್ಲ, ಇಳುವರಿ ಕಾಲಮ್ ಇನ್ನೂ ಒಂದೇ ವರ್ಷದ್ದು, ಆದ್ರೂ ಒಂದೇ ಒಂದು ಒಳ್ಳೇ ವರ್ಷದವರು ಸ್ವಲ್ಪ ಕೆಳಗೆ ಜಾರ್ತಾರೆ.

ಈಗ ಮಾರೋ ವಿಷಯ, ಕೈಯಲ್ಲಿ ಎಷ್ಟು ಉಳಿಯುತ್ತೆ ಅನ್ನೋದು ನಿಜವಾಗಿ ಇಲ್ಲೇ ನಿರ್ಧಾರ ಆಗೋದು. ಒಂದು ರೀತಿ, ಪ್ರತಿ ಜೂನ್‌ನಲ್ಲಿ ಟಾಪ್ 20ರಲ್ಲಿ ಇಲ್ಲದ್ದನ್ನೆಲ್ಲಾ ಮಾರೋದು. ಇನ್ನೊಂದು, ಕೊಳ್ಳೋದು ಟಾಪ್ 20ರಿಂದಲೇ, ಆದ್ರೆ 40ರ ಆಚೆ ಹೋಗೋವರೆಗೂ ಮಾರದೇ ಇರೋದು. ಮೊದಲನೇ ರೀತಿಯಲ್ಲಿ ನನ್ನ ಲಿಸ್ಟ್‌ನ ಹೆಚ್ಚು ಪಾಲು ಪ್ರತಿವರ್ಷ ಖಾಲಿ ಆಗ್ತಿತ್ತು, ಸಡಿಲ ಬಿಟ್ಟ ಮೇಲೆ ಅರ್ಧಕ್ಕಿಂತ ಕಮ್ಮಿ. ಕಾರಣ ಸಿಂಪಲ್, 18ನೇ ರ‍್ಯಾಂಕಿಗೂ 26ನೇ ರ‍್ಯಾಂಕಿಗೂ ಇಳುವರಿಯಲ್ಲಿ ವ್ಯತ್ಯಾಸ ಕೂದಲೆಳೆಯಷ್ಟು, ವಾರದ ಬೆಲೆ ಏರಿಳಿತಕ್ಕೇ ಅದು ಅದಲುಬದಲಾಗುತ್ತೆ, ಅದಕ್ಕೋಸ್ಕರ ಮಾರಿ ಕೊಳ್ಳೋದು ದಂಡ.

ದಂಡ ಎಷ್ಟು ಅಂತ ನೋಡಿ. 10 ಲಕ್ಷ, 20 ಶೇರ್, ತಲಾ 50 ಸಾವಿರ, ಅದರಲ್ಲಿ 14 ಹೊರಗೆ ಹೋದ್ರೆ 7 ಲಕ್ಷ ಮಾರಿ 7 ಲಕ್ಷ ಕೊಳ್ತೀರ, ಟರ್ನೋವರ್ 70%. ಶೇರ್ ವಹಿವಾಟಿನ ತೆರಿಗೆ ಎಸ್‌ಟಿಟಿ ಎರಡೂ ಕಡೆ 0.1%, ಸ್ಟ್ಯಾಂಪ್ ಡ್ಯೂಟಿ ಸೇರಿ ಸುಮಾರು 1500 ರೂಪಾಯಿ, ಅದೇನು ದೊಡ್ಡದಲ್ಲ. ಆದ್ರೆ ಸಣ್ಣ ಶೇರ್‌ಗಳಲ್ಲಿ ಕೊಳ್ಳೋ ಬೆಲೆಗೂ ಮಾರೋ ಬೆಲೆಗೂ ಇರೋ ಅಂತರದಲ್ಲಿ ಪ್ರತಿ ಕಡೆ 1% ಹೋಯ್ತು ಅಂದ್ಕೊಳ್ಳಿ, 14 ಸಾವಿರ, ಇದು ಯಾವ ಕಾಂಟ್ರಾಕ್ಟ್ ನೋಟ್‌ನಲ್ಲೂ ಕಾಣಲ್ಲ. ಏಳೇ ಶೇರ್ ಬದಲಾದ್ರೆ ಎಲ್ಲಾ ಅರ್ಧ. ಸಡಿಲ ಬಿಟ್ಟಿದ್ದಕ್ಕೆ ಬೆಲೆ ಇಲ್ಲ ಅಂತಲ್ಲ, 35ನೇ ರ‍್ಯಾಂಕಿನ ಶೇರ್ ಇಟ್ಕೊಂಡು ಕೂತಿರ್ತೀವಿ, ಒಟ್ಟಾರೆ ಲಿಸ್ಟ್ ಸ್ವಲ್ಪ ದುಬಾರಿ ಇರುತ್ತೆ. ನನಗೆ ಅದು ಪರವಾಗಿಲ್ಲ ಅನ್ಸ್ತು.

ಟರ್ನೋವರ್ ನಂಬರನ್ನ ನಾನು ಖರ್ಚಿಗಿಂತ ಹೆಚ್ಚಾಗಿ ತಪ್ಪು ಹಿಡಿಯೋಕೆ ಬಳಸೋದು. 10% ಬಂದ್ರೆ ಬಹುಶಃ ಹಳೇ ಡೇಟಾನೇ ಮತ್ತೆ ರ‍್ಯಾಂಕ್ ಆಗಿದೆ. 95% ಬಂದ್ರೆ ಒಂದೋ ಕಾಲಮ್ ತಪ್ಪಾಗಿ ಸಾರ್ಟ್ ಆಗಿದೆ, ಇಲ್ಲಾ ಹೋದ ವರ್ಷ ಕನ್ಸಾಲಿಡೇಟೆಡ್ ಇದ್ದದ್ದು ಈ ವರ್ಷ ಸ್ಟ್ಯಾಂಡ್‌ಅಲೋನ್ ಆಗಿದೆ. ಇದರ ಜೊತೆಗೆ ಹೊರಗೆ ಹೋಗೋ ಪ್ರತಿ ಶೇರ್ ಪಕ್ಕ ಕಾರಣ ಬರೀತೀನಿ: ಬೆಲೆ ಏರ್ತು, ಲಾಭ ಬಿತ್ತು, ಅಥವಾ ಹೋದ ವರ್ಷದ ಲಾಭದಲ್ಲಿ ಜಮೀನು ಮಾರಿದ ದುಡ್ಡು ಸೇರಿತ್ತು. ಬೆಲೆ ಏರಿ ಹೋದವು ಬೆರಳೆಣಿಕೆಯಷ್ಟೇ, ಲಾಭ ಬಿದ್ದೇ ಹೋದವು ಜಾಸ್ತಿ ಅಂದ್ರೆ ಅಗ್ಗದ್ದು ಕೊಂಡಿಲ್ಲ, ಶಿಖರದ ಲಾಭ ಕೊಂಡಿದೀವಿ ಅಂತರ್ಥ. ಹಾಗೇ ಎಲ್ಲಾನೂ ಮತ್ತೆ 50 ಸಾವಿರಕ್ಕೆ ಸಮ ಮಾಡೋಕೆ ಚೂರುಪಾರು ಮಾರಿದ್ದನ್ನ ಬೇರೆ ಕಾಲಮ್‌ನಲ್ಲಿ ಇಡಿ, ಇಲ್ಲಾಂದ್ರೆ ನಂಬರ್ ಸುಮ್ನೆ ಉಬ್ಬುತ್ತೆ. ನಾನಂತೂ ಆ ಸಮ ಮಾಡೋದನ್ನ ನಿಲ್ಲಿಸಿಬಿಟ್ಟೆ.

ತಾರೀಖು ಮಾತ್ರ ಜೋಪಾನ. ಮಾರಿದ್ರಲ್ಲಿ 2 ಲಕ್ಷ ಲಾಭ ಇದ್ರೆ, 12 ತಿಂಗಳು ದಾಟಿದ ಮೇಲಾದ್ರೆ ಮೊದಲ 1.25 ಲಕ್ಷ ಬಿಟ್ಟು ಉಳಿದದ್ದಕ್ಕೆ 12.5%, ಅಂದ್ರೆ 9,375 ರೂಪಾಯಿ. ದಾಟೋಕೆ ಮುಂಚೆ ಆದ್ರೆ 20%, 40 ಸಾವಿರ (2024ರ ಜುಲೈ 23ರಿಂದ ಇರೋ ದರ, ಸೆಸ್ ಬೇರೆ). ನಷ್ಟದಲ್ಲಿ ಇರೋದಕ್ಕೆ ಉಲ್ಟಾ, 12 ತಿಂಗಳು ಆಗೋಕೆ ಮುಂಚೆ ಮಾರಿದ್ರೆ ಅದು ಶಾರ್ಟ್ ಟರ್ಮ್ ನಷ್ಟ, ಎರಡೂ ಥರದ ಲಾಭದ ಎದುರು ಹೊಂದಿಸ್ಕೊಳ್ಳಬಹುದು, ಲಾಂಗ್ ಟರ್ಮ್ ನಷ್ಟ ಆದ್ರೆ ಲಾಂಗ್ ಟರ್ಮ್ ಲಾಭಕ್ಕೆ ಮಾತ್ರ. ಅದಕ್ಕೇ ನಷ್ಟದ್ದನ್ನ ಜೂನ್ ಮೊದಲ ವಾರ, ವರ್ಷ ತುಂಬೋ ಮುಂಚೆ ಮಾರ್ತೀನಿ, ಲಾಭದ್ದನ್ನ ವರ್ಷ ತುಂಬಿದ ಮುಂದಿನ ವಾರ.